ದರ್ಬೆಯ ಪಂಪಿನಂಗಡಿಯಲ್ಲಿ ಒಂದು ಎರಡನೇ ಶನಿವಾರ

2025ರ ಏಪ್ರಿಲ್ 12. ಪುತ್ತೂರಿನ ಮಹಾಲಿಂಗೇಶ್ವರ ದೇವರ ಜಾತ್ರೆಗೆ ಕೊಡಿ ಏರಿ ಮೂರನೇ ದಿನ. ಬಿಸು ಹಬ್ಬ ಎದುರಿಗೇ ಇತ್ತು. ಎರಡನೇ ಶನಿವಾರವಾದ್ದರಿಂದ ಬ್ಯಾಂಕುಗಳಿಗೆ ರಜೆ, ಮರುದಿನ ಭಾನುವಾರ, ಅದರ ಮರುದಿನ ಅಂಬೇಡ್ಕರ್ ಜಯಂತಿ. ಅಂದರೆ ಆ ಶನಿವಾರ ಹಣದ ವಿಷಯದಲ್ಲಿ ಏನಾದರೂ ತೊಡಕಾದರೆ ಮಂಗಳವಾರದವರೆಗೆ ಯಾವ ಶಾಖೆಯ ಬಾಗಿಲು ತಟ್ಟಿಯೂ ಪ್ರಯೋಜನವಿಲ್ಲ. ಅಂಥ ದಿನವೇ, ಮಧ್ಯಾಹ್ನದ ಹೊತ್ತಿಗೆ, ದೇಶದ ತುಂಬ ಯುಪಿಐ ತಡವರಿಸಿತು.

ನಾನು ಸಹಕಾರಿ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ದರ್ಬೆಯಲ್ಲಿ ಪಂಪು ವೈಂಡಿಂಗ್ ಮಾಡುವ ಪರಿಚಯದವರೊಬ್ಬರ ಅಂಗಡಿಗೆ ಹೋಗಿ ಅವರ ಬಿಲ್ಲು, ಜಮೆ-ಖರ್ಚು ನೋಡಿಕೊಡುವುದು ಆಮೇಲಿನ ಅಭ್ಯಾಸ. ಏಪ್ರಿಲ್ ಅಂದರೆ ಆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಿಸಿಲಿಗೆ ತೋಟ ಒಣಗುವ ಕಾಲಕ್ಕೇ ಕರೆಂಟಿನ ವೋಲ್ಟೇಜ್ ಇಳಿಯುತ್ತದೆ, ವೋಲ್ಟೇಜ್ ಇಳಿದಾಗ ಮೋಟಾರು ಸುಡುತ್ತದೆ. ಆ ದಿನ ಬಂದವರು ಕಾಣಿಯೂರಿನಿಂದಾಚೆ ಕಡಬ ತಾಲೂಕಿನ ಒಬ್ಬ ಹಿರಿಯ ಗೌಡರು. ಅವರ ಕೆರೆ ಪಂಪಿನ ಮೋಟಾರು ಸುಟ್ಟು ತೋಟಕ್ಕೆ ನೀರಿಲ್ಲದೆ ವಾರವಾಗುತ್ತಾ ಬಂದಿತ್ತು. ಅಡಿಕೆಯ ನಳ್ಳಿ ಉದುರಲು ಶುರುವಾಗಿತ್ತು. ಪಂಪು ರೆಡಿ ಆಗಿದೆ ಎಂದು ಫೋನು ಹೋದದ್ದೇ ಪಿಕಪ್ ಮಾಡಿಕೊಂಡು ಬಂದಿದ್ದರು. ಬಿಲ್ಲು 8,750 ರೂಪಾಯಿ. ಹಣ ಹಾಕುವವನು ಬೆಂಗಳೂರಿನಲ್ಲಿರುವ ಮಗ.

ಮಗನಿಗೆ ಅಂಗಡಿಯವರ ಫೋನ್ ನಂಬರು ಕೊಟ್ಟಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಗೌಡರ ವಾಟ್ಸಾಪಿಗೆ ಒಂದು ಸ್ಕ್ರೀನ್‌ಶಾಟ್ ಬಂತು. ಅವರು ಅದನ್ನು ತೆರೆದು ನಮ್ಮ ಮೇಜಿನ ಮೇಲಿಟ್ಟು, "ಹಣ ಬಂತು, ಪಂಪು ಹತ್ತಿಸುವ" ಅಂದರು. ಅಂಗಡಿಯವರು ತಮ್ಮ ಫೋನು ನೋಡಿದರು. "ಬಂದಿಲ್ಲ ಮಾರಾಯ್ರೆ." ಗೌಡರು ಮಗನಿಗೆ ಫೋನು ಮಾಡಿದರು. ಇನ್ನೊಂದು ಸ್ಕ್ರೀನ್‌ಶಾಟ್ ಬಂತು. ಅದರಲ್ಲಿ ಕೆಂಪು ಗುರುತು. "ಎರಡು ಸಲ ಹಾಕಿದನಂತೆ. ಹದಿನೇಳೂವರೆ ಸಾವಿರ ಹೋಯ್ತಲ್ಲ" ಎಂದು ಗೌಡರು ಬೆಂಚಿನ ಮೇಲೆ ಕೂತುಬಿಟ್ಟರು. ಅಂಗಡಿಯವರು ನನ್ನ ಕಡೆ ತಿರುಗಿ, "ಸೆಕ್ರೆಟ್ರಿಯವ್ರೇ, ಇದೆಂತ ನೋಡಿ" ಅಂದರು.

ನಾನು ಮೊದಲು ನೋಡಿದ್ದು ಬಣ್ಣವನ್ನಲ್ಲ, ಹಣ ಯಾರಿಗೆ ಹೋಗುತ್ತಿದೆ ಎಂಬುದನ್ನು. ಗೌಡರ ಗಾಬರಿಗೆ ಅದೂ ಒಂದು ಕಾರಣವಾಗಿತ್ತು. ಸ್ಕ್ರೀನ್‌ಶಾಟಿನಲ್ಲಿ ಅಂಗಡಿಯ ಹೆಸರಿರಲಿಲ್ಲ, ಯಾರೋ ವ್ಯಕ್ತಿಯ ಪೂರ್ಣ ಹೆಸರಿತ್ತು. ಅದು ಅಂಗಡಿಯವರದೇ ಹೆಸರು, ಬ್ಯಾಂಕಿನ ಖಾತೆಯಲ್ಲಿರುವಂತೆ, ತಂದೆಯ ಹೆಸರೂ ಸೇರಿ. ಊರಿನಲ್ಲಿ ಅವರನ್ನು ಆ ಹೆಸರಿನಿಂದ ಕರೆಯುವವರು ಯಾರೂ ಇಲ್ಲ. ಕೆಳಗಿದ್ದ ಯುಪಿಐ ಐಡಿಯನ್ನು ಅಂಗಡಿಯವರ ಫೋನಿನಲ್ಲಿದ್ದದ್ದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಸರಿಯಿತ್ತು. ತಪ್ಪು ಜನಕ್ಕೆ ಹೋಗಿದ್ದರೆ ಅದರ ದಾರಿಯೇ ಬೇರೆ, ಆದ್ದರಿಂದ ಈ ಒಂದು ಸಂಶಯ ಮೊದಲೇ ಬಗೆಹರಿಸಿಕೊಂಡರೆ ಮುಂದಿನ ಕೆಲಸ ಸುಲಭ.

ಆಮೇಲೆ ಸ್ಥಿತಿ. ಮೊದಲ ಸ್ಕ್ರೀನ್‌ಶಾಟಿನಲ್ಲಿ ಮೊತ್ತದ ಕೆಳಗೆ `Processing` ಎಂದಿತ್ತು, ಹಳದಿ ಗಡಿಯಾರದ ಗುರುತು. ದೊಡ್ಡ ಅಕ್ಷರದಲ್ಲಿ 8,750 ಎಂದು ಕಂಡದ್ದನ್ನೇ ಗೌಡರು "ಹಣ ಬಂತು" ಎಂದು ಓದಿಕೊಂಡಿದ್ದರು. ಅವರೊಬ್ಬರೇ ಅಲ್ಲ, ಬಹಳ ಜನ ಮೊತ್ತವನ್ನು ನೋಡುತ್ತಾರೆ, ಅದರ ಕೆಳಗಿನ ಸಣ್ಣ ಪದವನ್ನು ಬಿಡುತ್ತಾರೆ. ಎರಡನೆಯದರಲ್ಲಿ `Failed`. ಆದರೆ ಈ ಎರಡು ಪದಗಳನ್ನು ಓದಿದ ಮಾತ್ರಕ್ಕೆ ಹಣ ಮಗನ ಖಾತೆಯಲ್ಲಿದೆಯೋ ಹೊರಟಿದೆಯೋ ಎಂದು ಹೇಳಲು ಬರುವುದಿಲ್ಲ. ಅದಕ್ಕೆ ಕಾರಣವನ್ನು ನಾನು ಗೌಡರಿಗೆ ಹೇಳಿದ ಹಾಗೆಯೇ ಇಲ್ಲಿ ಹೇಳುತ್ತೇನೆ.

ಯುಪಿಐಯಲ್ಲಿ ಹಣ ಒಂದೇ ನೆಗೆತಕ್ಕೆ ಈ ಖಾತೆಯಿಂದ ಆ ಖಾತೆಗೆ ಹಾರುವುದಿಲ್ಲ. ಮಗ ಪಿನ್ ಒತ್ತಿದೊಡನೆ ಆ್ಯಪ್ ತನ್ನ ಬ್ಯಾಂಕಿನ ಮೂಲಕ ಎನ್‌ಪಿಸಿಐಯ ಕೇಂದ್ರಕ್ಕೆ ಸುದ್ದಿ ಕಳಿಸುತ್ತದೆ. ಕೇಂದ್ರವು ಮಗನ ಬ್ಯಾಂಕಿಗೆ "ಇಷ್ಟು ಕಳೆ" ಎನ್ನುತ್ತದೆ. ಕಳೆದಾಯಿತು ಎಂಬ ಉತ್ತರ ಬಂದ ಮೇಲೆ ಪಡೆಯುವವರ ಬ್ಯಾಂಕಿಗೆ "ಇಷ್ಟು ಸೇರಿಸು" ಎನ್ನುತ್ತದೆ. ಸೇರಿಸಿಯಾಯಿತು ಎಂಬ ಉತ್ತರ ಹಿಂದಿರುಗಿ ಬಂದಾಗ ಮಾತ್ರ ಮಗನ ಫೋನಿನಲ್ಲಿ ಹಸಿರು ಗುರುತು ಮೂಡುತ್ತದೆ. ಎಲ್ಲ ಸರಿಯಿದ್ದ ದಿನ ಇದಕ್ಕೆ ಕೆಲವೇ ಸೆಕೆಂಡು. ಆ ಶನಿವಾರದಂಥ ದಿನ ನಡುವೆ ಯಾವುದೋ ಒಂದು ಉತ್ತರ ಸಿಕ್ಕಿಹಾಕಿಕೊಳ್ಳುತ್ತದೆ. ಕಳೆಯುವ ಮೊದಲೇ ಕಡಿದುಹೋದರೆ ಹಣ ಮಗನ ಖಾತೆಯಲ್ಲೇ ಉಳಿಯುತ್ತದೆ. ಕಳೆದ ಮೇಲೆ ಕಡಿದುಹೋದರೆ ಹಣ ಅವನ ಖಾತೆಯಲ್ಲೂ ಇಲ್ಲ, ಪಡೆಯುವವರ ಖಾತೆಯಲ್ಲೂ ಕಾಣುವುದಿಲ್ಲ. ಆ್ಯಪಿಗೆ ತನಗೆ ತಲುಪಿದ ಸುದ್ದಿಯಷ್ಟೇ ಗೊತ್ತು. `Failed` ಎಂದು ಬರೆದ ಪರದೆಯ ಹಿಂದೆಯೂ ಹಣ ಕಳೆದುಹೋಗಿರುವ ಸಂದರ್ಭ ಉಂಟು, `Processing` ಎಂದಿರುವಾಗಲೇ ಪಡೆಯುವವರಿಗೆ ಜಮೆ ಆಗಿರುವ ಸಂದರ್ಭವೂ ಉಂಟು.

ಗೌಡರಿಗೆ ಇದು ಹಿಡಿಸಿದ್ದು ಮನಿಯಾರ್ಡರಿನ ಮಾತು ಬಂದಾಗ. ಹಿಂದೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿದ ಕೂಡಲೇ ಒಂದು ರಸೀದಿ ಕೊಡುತ್ತಿದ್ದರು. ಪಡೆದವರು ಸಹಿ ಹಾಕಿದ ಚೀಟಿ ಹಿಂತಿರುಗಿ ಬರುವುದು ಎಷ್ಟೋ ದಿನದ ಮೇಲೆ. "ರಸೀದಿ ಬೇರೆ, ಸಹಿಯ ಚೀಟಿ ಬೇರೆ. ಮಗ ಕಳಿಸಿದ್ದು ರಸೀದಿ" ಅಂದೆ. ಅವರು ತಲೆಯಾಡಿಸಿ, "ಹಾಗಾದ್ರೆ ಹಣ ಎಲ್ಲಿ ಉಂಟು, ಅದು ಹೇಳಿ" ಎಂದರು. ಸರಿಯಾದ ಪ್ರಶ್ನೆ. ಅದಕ್ಕೆ ಬೇಕಾದದ್ದು ನಂಬರು.

ಮಗ ಕಳಿಸಿದ ಮೊದಲ ಸ್ಕ್ರೀನ್‌ಶಾಟಿನಲ್ಲಿ ನಂಬರೇ ಇರಲಿಲ್ಲ. ಪರದೆಯ ಮೇಲ್ಭಾಗವನ್ನಷ್ಟೇ ಕತ್ತರಿಸಿ ಕಳಿಸಿದ್ದ. ಹೆಸರು, ಯುಪಿಐ ಐಡಿ, ಮೊತ್ತ, ಗುರುತು, ಅಷ್ಟೇ. ಗೌಡರ ಫೋನಿನಲ್ಲೇ ಅವನ ಜೊತೆ ಮಾತಾಡಿದೆ. "ಆ್ಯಪಿನಲ್ಲಿ ಹಳೆಯ ವ್ಯವಹಾರಗಳ ಪಟ್ಟಿ ತೆರೆದು, ಇವತ್ತಿನ ಎರಡನ್ನೂ ಒಂದೊಂದಾಗಿ ಒತ್ತಿ, ಕೆಳಗಿನವರೆಗೆ ಕಾಣುವ ಹಾಗೆ ಪೂರ್ತಿ ಪುಟ ಕಳಿಸು ಮಗಾ" ಅಂದೆ. ಕಳಿಸಿದ.

ಆ ಪುಟದಲ್ಲಿ ಎರಡು ನಂಬರುಗಳಿರುತ್ತವೆ, ಇಲ್ಲೇ ಜನ ಎಡವುವುದು. ಒಂದು ಆ್ಯಪಿನವರು ತಮ್ಮ ಲೆಕ್ಕಕ್ಕೆ ಇಟ್ಟುಕೊಂಡ ಉದ್ದನೆಯ ಗುರುತು, ಅದರಲ್ಲಿ ಇಂಗ್ಲಿಷ್ ಅಕ್ಷರಗಳೂ ಸೇರಿರುತ್ತವೆ. ಗೂಗಲ್ ಪೇಯಲ್ಲಿ ಅದಕ್ಕೆ `Google transaction ID` ಎಂದು ಹೆಸರು. ಫೋನ್‌ಪೇಯಲ್ಲಿ `Transaction ID` ಎಂದು, `T` ಅಕ್ಷರದಿಂದ ಶುರುವಾಗುತ್ತದೆ. ಇನ್ನೊಂದು ಬರೀ ಅಂಕಿಗಳ, ಹನ್ನೆರಡೇ ಅಂಕಿಗಳ ನಂಬರು. ಗೂಗಲ್ ಪೇ ಅದನ್ನು `UPI transaction ID` ಎನ್ನುತ್ತದೆ, ಫೋನ್‌ಪೇ `UTR` ಎನ್ನುತ್ತದೆ, ಪೇಟಿಎಂ `UPI Ref No` ಎನ್ನುತ್ತದೆ. ಹೆಸರು ಮೂರಾದರೂ ವಸ್ತು ಒಂದೇ. ಕಳಿಸಿದವರ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ, ಪಡೆದವರ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ, ಬ್ಯಾಂಕಿನ ಎಸ್‌ಎಂಎಸ್‌ನಲ್ಲಿ ಬರುವುದು ಈ ಹನ್ನೆರಡಂಕಿ. ಬ್ಯಾಂಕಿಗೆ ಹೋಗಿ ಆ್ಯಪಿನ ಉದ್ದ ನಂಬರು ಓದಿದರೆ ಅವರಿಗೆ ಅದನ್ನಿಟ್ಟುಕೊಂಡು ಹುಡುಕಲು ದಾರಿಯಿಲ್ಲ.

ಮಗನ ಮೊದಲ ವ್ಯವಹಾರದ ಹನ್ನೆರಡಂಕಿ 5102ರಿಂದ ಶುರುವಾಗಿ 318ರಲ್ಲಿ ಮುಗಿಯುತ್ತಿತ್ತು. ಎರಡನೆಯದೂ 5102ರಿಂದಲೇ ಶುರು, ಕೊನೆ 774. ಅಂಗಡಿಯವರು, "ಎರಡಕ್ಕೂ ನಂಬರು ಬಂದಿದೆ, ಹಾಗಾದ್ರೆ ಎರಡೂ ಹೋಗಿದೆ ಅಲ್ವಾ?" ಎಂದರು. ಇಲ್ಲ. ಸೋತ ವ್ಯವಹಾರಕ್ಕೂ ನಂಬರು ಸಿಗುತ್ತದೆ. ಹೊರಟ ಕ್ಷಣದಲ್ಲೇ ಅದು ಹುಟ್ಟುತ್ತದೆ, ತಲುಪಿತೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ನಂಬರು ಇರುವುದು ಹುಡುಕುವುದಕ್ಕೆ, ಸಾಕ್ಷಿ ಹೇಳುವುದಕ್ಕಲ್ಲ.

ಆ ಮೊದಲ ನಾಲ್ಕು ಅಂಕಿಗಳ ಬಗ್ಗೆ ಒಂದು ಮಾತು. ಎಷ್ಟೋ ಯುಪಿಐ ನಂಬರುಗಳಲ್ಲಿ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಎಂಬುದು. ಜನವರಿಯ 31, ಫೆಬ್ರವರಿಯ 28, ಮಾರ್ಚಿನ 31, ಏಪ್ರಿಲಿನ 12 ಕೂಡಿದರೆ 102. ಹಾಗಾಗಿ 2025ರ ಏಪ್ರಿಲ್ 12ಕ್ಕೆ 5102. ತಾರೀಖನ್ನು ಕತ್ತರಿಸಿದ ಹಳೆಯ ಸ್ಕ್ರೀನ್‌ಶಾಟನ್ನು ಯಾರಾದರೂ ಮುಂದಿಟ್ಟಾಗ ಸಂಶಯ ಹುಟ್ಟಿಸಲು ಇದು ಸಾಕು. ಆದರೆ ಎಲ್ಲ ಆ್ಯಪುಗಳೂ ಈ ಕ್ರಮ ಹಿಡಿಯುವುದಿಲ್ಲ, ಆದ್ದರಿಂದ ಇದೊಂದನ್ನೇ ನೆಚ್ಚಿ ಯಾರನ್ನೂ ಕಳ್ಳ ಎನ್ನಬಾರದು, ಸಾಚಾ ಎಂದೂ ಹೇಳಬಾರದು.

ಈಗ ಮಗನ ಖಾತೆ ನೋಡಬೇಕಿತ್ತು. ಅವನು ಯುಪಿಐ ಆ್ಯಪಿನಲ್ಲೇ ಬ್ಯಾಲೆನ್ಸ್ ನೋಡಲು ಹೊರಟ, ಅದು ತೋರಿಸಲಿಲ್ಲ. ತೋರಿಸುವುದೂ ಕಷ್ಟವೇ, ಯಾಕೆಂದರೆ ಆ ಆ್ಯಪಿನಲ್ಲಿ ಬ್ಯಾಲೆನ್ಸ್ ಕೇಳಿದರೂ ಪ್ರಶ್ನೆ ಹೋಗುವುದು ಅದೇ ಎನ್‌ಪಿಸಿಐ ದಾರಿಯಲ್ಲಿ, ಆ ದಾರಿಯೇ ಅವತ್ತು ಕೆಟ್ಟಿತ್ತು. "ನಿನ್ನ ಬ್ಯಾಂಕಿನದ್ದೇ ಆ್ಯಪ್ ಇದ್ದರೆ ಅದನ್ನು ತೆರೆ" ಅಂದೆ. ಬ್ಯಾಂಕಿನ ಸ್ವಂತ ಆ್ಯಪು ನೇರವಾಗಿ ತನ್ನ ಪುಸ್ತಕವನ್ನೇ ಓದುತ್ತದೆ, ಅದಕ್ಕೆ ನಡುವಿನ ಕೇಂದ್ರ ಬೇಡ. ತೆರೆದ. ಸ್ಟೇಟ್‌ಮೆಂಟಿನಲ್ಲಿ ಆ ದಿನ 8,750ರ ಕಳೆತ ಒಂದೇ ಒಂದಿತ್ತು. ಅದರ ಮುಂದಿದ್ದ ಹನ್ನೆರಡಂಕಿಯ ಕೊನೆ 318. ಬ್ಯಾಂಕಿನ ಎಸ್‌ಎಂಎಸ್‌ನಲ್ಲೂ ಅದೇ. 774 ಎಲ್ಲಿಯೂ ಇರಲಿಲ್ಲ.

ಹೀಗೆ ಎರಡು ಸಂಗತಿ ಸ್ಪಷ್ಟವಾಯಿತು. ಕೆಂಪು ಗುರುತಿನ ಎರಡನೆಯ ಪ್ರಯತ್ನದಲ್ಲಿ ಮಗನ ಖಾತೆಯಿಂದ ಒಂದು ಪೈಸೆಯೂ ಹೊರಟಿರಲಿಲ್ಲ. ಹಳದಿ ಗುರುತಿನ ಮೊದಲನೆಯದರಲ್ಲಿ 8,750 ಹೊರಟಿತ್ತು. ಹದಿನೇಳೂವರೆ ಸಾವಿರದ ಭಯ ಅಲ್ಲಿಗೆ ಅರ್ಧವಾಯಿತು. ಗೌಡರಿಗೆ ಅದನ್ನು ಹೇಳಿದಾಗ ಅವರು ಹೆಗಲ ಬೈರಾಸಿನಿಂದ ಮುಖ ಒರಸಿಕೊಂಡು, "ಸರಿ, ಮುಂದೆ?" ಅಂದರು.

ಮುಂದೆ ಅಂಗಡಿಯವರ ಕಡೆ. ಅವರೂ ತಮ್ಮ ಬ್ಯಾಂಕಿನ ಆ್ಯಪು ತೆರೆದು ಸ್ಟೇಟ್‌ಮೆಂಟ್ ತೋರಿಸಿದರು. ಬೆಳಿಗ್ಗೆ ಬಂದ ಬೇರೆ ಜಮೆಗಳಿದ್ದವು, 318ರಲ್ಲಿ ಮುಗಿಯುವುದು ಇರಲಿಲ್ಲ. ಎಸ್‌ಎಂಎಸ್ ಬಂದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಎಸ್‌ಎಂಎಸ್ ಎಷ್ಟೋ ಸಲ ತಡವಾಗುತ್ತದೆ. ಖಾತೆಯ ಪುಟದಲ್ಲಿ ಇಲ್ಲ ಎಂಬುದೇ ಮಾತು. ಅಲ್ಲಿಗೆ ಚಿತ್ರ ಪೂರ್ತಿಯಾಯಿತು: ಒಂದು ಕಡೆ ಕಳೆದಿದೆ, ಇನ್ನೊಂದು ಕಡೆ ಸೇರಿಲ್ಲ, ಎರಡು ಬ್ಯಾಂಕಿನ ನಡುವೆ ಒಂದು ಹನ್ನೆರಡಂಕಿಯ ಹೆಸರಿನಲ್ಲಿ 8,750 ರೂಪಾಯಿ ತೀರ್ಮಾನಕ್ಕೆ ಕಾದಿದೆ.

ಮಗ, "ಅಂಕಲ್, ಇನ್ನೊಮ್ಮೆ ಹಾಕಿ ನೋಡ್ತೇನೆ" ಎಂದ. ಬೇಡ ಎಂದು ಗಟ್ಟಿಯಾಗಿಯೇ ಹೇಳಿದೆ. ಕಾದಿರುವ ಹಣ ಸಂಜೆಗೆ ಜಮೆ ಆದರೂ ಆದೀತು, ಆಗ ಮೂರನೆಯ ಪ್ರಯತ್ನವೂ ಗೆದ್ದಿದ್ದರೆ ಅಂಗಡಿಯವರು ಹೆಚ್ಚಿನದನ್ನು ಹಿಂದೆ ಕಳಿಸುವ ತಲೆನೋವು. ಹಣ ಕೆಟ್ಟ ದಾರಿಯಲ್ಲಿ ಸಿಕ್ಕಿದ ದಿನ ಮತ್ತೆ ಅದೇ ದಾರಿಗೆ ಹಣ ಹಾಕುವುದರಿಂದ ಯಾರಿಗೂ ಲಾಭವಿಲ್ಲ.

ಬ್ಯಾಂಕು ಮೂರು ದಿನ ಮುಚ್ಚಿರುತ್ತದೆ ಎಂಬ ಚಿಂತೆ ಗೌಡರದು. ಅದಕ್ಕೆ ಉತ್ತರ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐಯಲ್ಲಿ ಹಣ ಕಳಿಸಿ, ಕಳಿಸಿದವರ ಖಾತೆಯಿಂದ ಕಳೆದು ಪಡೆಯುವವರಿಗೆ ಸೇರದಿದ್ದರೆ, ವ್ಯವಹಾರದ ಮರುದಿನದೊಳಗೆ ಅದು ತಾನಾಗಿ ಹಿಂದಿರುಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ, ಅದನ್ನು ಗ್ರಾಹಕ ಕೇಳಲೂ ಬೇಕಿಲ್ಲ. ಅಂಗಡಿಯ ವ್ಯಾಪಾರಿ ಖಾತೆಗೆ ಮಾಡಿದ ಪಾವತಿಯಾದರೆ ಮರುದಿನದ ಬದಲು ಐದು ದಿನದ ಗಡುವು. ಮಗ ಹಾಕಿದ್ದು ಅಂಗಡಿಯವರ ಫೋನ್ ನಂಬರಿನ ಉಳಿತಾಯ ಖಾತೆಗೆ, ಗೋಡೆಯ ಮೇಲಿನ ಕ್ಯೂಆರ್‌ಗೆ ಅಲ್ಲ. ಹಾಗಾಗಿ ಮರುದಿನದ ಗಡುವು ಎಂದು ಲೆಕ್ಕ ಹಾಕಿದೆ. ದಿನ ಎಂದರೆ ಕ್ಯಾಲೆಂಡರಿನ ದಿನ ಎಂದು ಸುತ್ತೋಲೆಯೇ ಹೇಳುತ್ತದೆ, ಹಾಗಾಗಿ ರಜೆಯನ್ನು ಬಿಟ್ಟು ಎಣಿಸುವುದಿಲ್ಲ. ಶಾಖೆಯ ಬಾಗಿಲು ಮುಚ್ಚಿದ್ದರೂ ಈ ಹಿಂದಿರುಗುವಿಕೆ ಯಂತ್ರಗಳ ನಡುವೆ ನಡೆಯುವಂಥದ್ದು.

ಉಳಿದದ್ದು ಪಂಪಿನ ಪ್ರಶ್ನೆ. ಸ್ಕ್ರೀನ್‌ಶಾಟ್ ನೋಡಿ ಸರಕು ಕೊಡುವುದು ಅಂಗಡಿಯವರಿಗೆ ಆಗದ ಮಾತು, ಅದರಲ್ಲಿ ನ್ಯಾಯವೂ ಉಂಟು. ಹಣ ಹಾಕದೆಯೇ ಹಸಿರು ಗುರುತಿನ ಪುಟ ಬರೆದುಕೊಡುವ ನಕಲಿ ಆ್ಯಪುಗಳಿವೆ. ಹೆಸರು, ಮೊತ್ತ, ಹನ್ನೆರಡಂಕಿ ಎಲ್ಲವನ್ನೂ ಬೇಕಾದ ಹಾಗೆ ತುಂಬಿಸಬಹುದು. ಅಕ್ಷರದ ಆಕಾರ, ಬಣ್ಣ ನೋಡಿ ಅವನ್ನು ಹಿಡಿಯುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಪಡೆಯುವವರ ಖಾತೆಯಲ್ಲಿ ಆ ನಂಬರು ಕಾಣುವವರೆಗೆ ಯಾವ ಸ್ಕ್ರೀನ್‌ಶಾಟೂ ಜಮೆಯಲ್ಲ. ಇಲ್ಲಿ ಗೌಡರ ಮಗನದು ಸಾಚಾ ವ್ಯವಹಾರ ಎಂಬುದು ನಮಗೆ ಗೊತ್ತಾಗಿತ್ತು, ಆದರೂ ಅದು ಅಂಗಡಿಯವರಿಗೆ ಬಂದ ಹಣವಾಗಿರಲಿಲ್ಲ. ಅತ್ತ ನೋಡಿದರೆ ತೋಟ ಒಣಗುತ್ತಿದೆ, ಪಿಕಪ್ಪಿನ ಬಾಡಿಗೆ ಏರುತ್ತಿದೆ.

ಗೌಡರ ಬಳಿ ಎರಡು ಸಾವಿರ ನಗದಿತ್ತು. ಅದನ್ನು ಪಡೆದು, ಬಾಕಿ 6,750 ಎಂದು ಬಿಲ್ಲಿನಲ್ಲಿ ಬರೆದೆವು. ಬಿಲ್ಲಿನ ಹಿಂದೆ ನಾನು ಹನ್ನೆರಡಂಕಿ ಪೂರ್ತಿ, ತಾರೀಖು, ಸಮಯ, ಮಗನ ಬ್ಯಾಂಕಿನ ಹೆಸರು ಬರೆದು, "ಈ ನಂಬರಿನ 8,750 ಜಮೆಯಾದರೆ 2,000 ಹಿಂದೆ ಕೊಡುವುದು, ಮಗನ ಖಾತೆಗೆ ಹಿಂದಿರುಗಿದರೆ 6,750 ಹೊಸದಾಗಿ ಹಾಕುವುದು" ಎಂದು ಸೇರಿಸಿದೆ. ಇಬ್ಬರೂ ಸಹಿ ಹಾಕಿದರು. ಅಂಗಡಿಯವರು ಒಳ್ಳೆಯ ಮನುಷ್ಯ, ಪಂಪನ್ನು ತಾವೇ ಕೈಕೊಟ್ಟು ಪಿಕಪ್ಪಿಗೆ ಹತ್ತಿಸಿದರು. ಗಾಡಿ ಸವಣೂರು ರಸ್ತೆ ಹಿಡಿಯಿತು.

ಭಾನುವಾರ ಬೆಳಿಗ್ಗೆ ಮಗ ತಾನಾಗಿ ಫೋನು ಮಾಡಿದ. ಹಿಂದಿನ ದಿನ ನಮಗೆ ಕಳಿಸಿದ್ದ ಸ್ಕ್ರೀನ್‌ಶಾಟಿನಲ್ಲಿ ಇನ್ನೂ `Processing` ಎಂದೇ ಇತ್ತು, ಇರಲೇಬೇಕು, ಅದು ತೆಗೆದ ಕ್ಷಣದ ಚಿತ್ರ. ಆದರೆ ಆ್ಯಪಿನಲ್ಲಿ ಅದೇ ವ್ಯವಹಾರವನ್ನು ಹೊಸದಾಗಿ ತೆರೆದಾಗ `Failed` ಎಂದು ಬದಲಾಗಿತ್ತು. ನಾನು ಅಷ್ಟಕ್ಕೆ ಬಿಡದೆ ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡಲು ಹೇಳಿದೆ. ಎರಡು ಸಾಲು ಸಿಕ್ಕಿದವು. ಶನಿವಾರ 8,750 ಕಳೆದದ್ದು, ಆಮೇಲೆ 8,750 ಸೇರಿದ್ದು, ಎರಡರ ಎದುರೂ 318ರಲ್ಲಿ ಮುಗಿಯುವ ಅದೇ ಹನ್ನೆರಡಂಕಿ. ಹಣ ಮನೆಗೆ ಮುಟ್ಟಿತ್ತು. ಅಷ್ಟು ಹೊತ್ತಿಗೆ ಯುಪಿಐಯೂ ಸರಿಯಾಗಿತ್ತು. ಮಗ 6,750 ಹಾಕಿದ. ಬಂದ ನಂಬರು 5103ರಿಂದ ಶುರುವಾಗುತ್ತಿತ್ತು, ಏಪ್ರಿಲ್ 13. ಅಂಗಡಿಯವರು ಸ್ಕ್ರೀನ್‌ಶಾಟನ್ನು ತೆರೆಯಲೂ ಇಲ್ಲ, ತಮ್ಮ ಖಾತೆಯಲ್ಲಿ ಆ ನಂಬರು ನೋಡಿ ಬಿಲ್ಲಿಗೆ "ಸಂದಿದೆ" ಎಂದು ಬರೆದರು.

ಆ ಶನಿವಾರ ಯಾಕೆ ಹಾಗಾಯಿತು ಎಂಬುದು ಆಮೇಲೆ ಪತ್ರಿಕೆಗಳಲ್ಲಿ ಬಂತು, ಅದನ್ನು ಓದಿದಾಗ ನನಗೆ ಈ ಪಂಪಿನ ಬಿಲ್ಲು ನೆನಪಾಯಿತು. ಎನ್‌ಪಿಸಿಐ ಕಂಡುಕೊಂಡ ಕಾರಣ ಇದು: ವ್ಯವಹಾರ ಏನಾಯಿತು ಎಂದು ವಿಚಾರಿಸುವ ಪ್ರಶ್ನೆಗಳು ಬ್ಯಾಂಕುಗಳ ಕಡೆಯಿಂದ ಕೇಂದ್ರಕ್ಕೆ ವಿಪರೀತ ನುಗ್ಗಿದ್ದವು, ಹಳೆಯ ವ್ಯವಹಾರಗಳ ಬಗ್ಗೆಯೂ ಮತ್ತೆ ಮತ್ತೆ ಕೇಳಲಾಗುತ್ತಿತ್ತು. ಆ ಭಾರಕ್ಕೆ ಹಣ ಸಾಗುವ ದಾರಿಯೇ ಉಸಿರುಕಟ್ಟಿತು. ಆಮೇಲೆ ಒಂದು ವ್ಯವಹಾರದ ಸ್ಥಿತಿಯನ್ನು ಬ್ಯಾಂಕುಗಳು ಮೂರಕ್ಕಿಂತ ಹೆಚ್ಚು ಸಲ ಕೇಳಬಾರದು, ಮೊದಲ ಪ್ರಶ್ನೆಗೂ ಮುಂಚೆ ಸ್ವಲ್ಪ ಕಾಯಬೇಕು ಎಂದು ಮಿತಿ ಹಾಕಿದರು. ಪರದೆಯನ್ನು ಎಳೆದೆಳೆದು ಹೊಸದು ಮಾಡುವುದಕ್ಕಿಂತ ಸ್ಟೇಟ್‌ಮೆಂಟಿನಲ್ಲಿ ಒಮ್ಮೆ ನಂಬರು ಹುಡುಕುವುದು ಲೇಸು ಎಂಬ ನನ್ನ ಅಭಿಪ್ರಾಯ ಇದರಿಂದ ಗಟ್ಟಿಯಾಯಿತು.

ದೂರದ ಊರಿನಿಂದ ಅಪ್ಪ ಅಮ್ಮನ ಪರವಾಗಿ ಹಣ ಹಾಕುವ ಮಕ್ಕಳಲ್ಲಿ ನನ್ನದೊಂದು ಕೇಳಿಕೆ. ಸ್ಕ್ರೀನ್‌ಶಾಟ್ ಕಳಿಸುವಾಗ ಹಸಿರು ಗುರುತನ್ನಷ್ಟೇ ಕತ್ತರಿಸಿ ಕಳಿಸಬೇಡಿ. ಹನ್ನೆರಡಂಕಿ, ಸಮಯ, ಪಡೆಯುವವರ ಹೆಸರು ಕಾಣುವ ಪೂರ್ತಿ ಪುಟ ಕಳಿಸಿ. ಹಳದಿ ಗುರುತು ಬಂದರೆ ಇನ್ನೊಮ್ಮೆ ಹಾಕುವ ಮೊದಲು ನಿಮ್ಮ ಬ್ಯಾಂಕಿನ ಪುಟ ತೆರೆದು, ಹಣ ಹೊರಟಿದೆಯೋ ಇಲ್ಲವೋ ಎಂದು ಅಪ್ಪನಿಗೆ ಫೋನಿನಲ್ಲಿ ಬಾಯಿಬಿಟ್ಟು ಹೇಳಿ.